ಸಂಪರ್ಕ ವಿಧಾನ: ಗಂಧಕಾಮ್ಲ ತಯಾರಿಕೆಯ ಹಂತಗಳು ಮತ್ತು ವೆನೇಡಿಯಂ ವೇಗವರ್ಧಕದ ಪಾತ್ರ

ಕನ್ನಡದ ವಿಜ್ಞಾನ ಪರಿಭಾಷೆಯಲ್ಲಿ ಚೆನ್ನಾಗಿ ನೆಲೆಗೊಂಡ ಪದಗಳಲ್ಲಿ ‘ವೇಗವರ್ಧಕ’ ಒಂದು. ತಾನು ಬದಲಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವೇ ವೇಗವರ್ಧಕ ಎಂಬ ನಿರೂಪಣೆ ಶಾಲಾ ಪುಸ್ತಕಗಳಿಂದಲೇ ಪರಿಚಿತ. ಅದಕ್ಕೆ ಕೊಡುವ ಉದಾಹರಣೆಯೂ ಬಹುತೇಕ ಒಂದೇ: ಸಂಪರ್ಕ ವಿಧಾನದಲ್ಲಿ ಗಂಧಕಾಮ್ಲವನ್ನು ತಯಾರಿಸುವಾಗ ಬಳಸುವ ವೆನೇಡಿಯಂ ಪೆಂಟಾಕ್ಸೈಡ್. ಈ ನಿರೂಪಣೆ ಸುಳ್ಳಲ್ಲ, ಆದರೆ ಅಪೂರ್ಣ. ‘ತಾನು ಬದಲಾಗದೆ’ ಎಂಬ ಮಾತು ವೇಗವರ್ಧಕವು ಕ್ರಿಯೆಯ ಪಕ್ಕದಲ್ಲಿ ನಿಂತು ನೋಡುವ ಸಾಕ್ಷಿ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ‘ವೇಗವನ್ನು ಹೆಚ್ಚಿಸುವ’ ಎಂಬ ಮಾತು, ವೇಗ ಹೆಚ್ಚಿದರೆ ಉತ್ಪನ್ನವೂ ಹೆಚ್ಚುತ್ತದೆ ಎಂಬ ಇನ್ನೊಂದು ತಪ್ಪು ಗ್ರಹಿಕೆಗೆ ಎಡೆಗೊಡುತ್ತದೆ. ಗಂಧಕಾಮ್ಲದ ಕಾರ್ಖಾನೆಯ ವಿನ್ಯಾಸವನ್ನು ಹಂತಹಂತವಾಗಿ ಪರಿಶೀಲಿಸಿದರೆ ಈ ಎರಡೂ ಭಾವನೆಗಳು ತಾವಾಗಿಯೇ ಸರಿಹೋಗುತ್ತವೆ.

ಮಲಾಡಿನಂತಹ ಉಪನಗರದಲ್ಲಿ ವಾಸಿಸುವವರಿಗೆ ಗಂಧಕಾಮ್ಲ ಎದುರಾಗುವುದು ವಾಹನದ ಬ್ಯಾಟರಿಯೊಳಗಿನ ದ್ರವವಾಗಿ ಮಾತ್ರ. ಅದರ ತಯಾರಿಕೆಯ ನೆಲೆಗಳನ್ನು ಅರಸುವವರು ನಗರದ ಪೂರ್ವ ಭಾಗಕ್ಕೆ ಹೋಗಬೇಕು. 1919ರಲ್ಲಿ ಸ್ಥಾಪನೆಗೊಂಡ ಧರಂಸಿ ಮೊರಾರ್ಜಿ ಕೆಮಿಕಲ್ ಕಂಪೆನಿ ಮುಂಬಯಿಯ ಹೊರವಲಯದ ಅಂಬರನಾಥದಲ್ಲಿ ಗಂಧಕಾಮ್ಲವನ್ನೂ ಅದರಿಂದ ಸೂಪರ್ ಫಾಸ್ಫೇಟ್ ಗೊಬ್ಬರವನ್ನೂ ತಯಾರಿಸಿತು. ಟ್ರಾಂಬೆಯ ಗೊಬ್ಬರದ ಕಾರ್ಖಾನೆ 1960ರ ದಶಕದಲ್ಲಿ ಉತ್ಪಾದನೆ ಆರಂಭಿಸಿತು. ಇಂದು ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಹೆಸರಿನ ಆ ಸಂಸ್ಥೆಯ ಆವರಣದಲ್ಲಿ ಗಂಧಕಾಮ್ಲದ ಘಟಕವೂ ಸೇರಿದೆ. ಕನ್ನಡ ನಾಡಿನ ಮಟ್ಟಿಗೆ ಹೇಳುವುದಾದರೆ, ಮೈಸೂರು ಸಂಸ್ಥಾನದ ಬೆಳಗೊಳದಲ್ಲಿ 1930ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ರಾಸಾಯನಿಕ ಗೊಬ್ಬರದ ಕಾರ್ಖಾನೆಯ ಉತ್ಪನ್ನವಾದ ಅಮೋನಿಯಂ ಸಲ್ಫೇಟ್‌ಗೂ ಈ ಆಮ್ಲವೇ ಆಧಾರ. ಗೊಬ್ಬರದ ಮೂಲಕ ಗಂಧಕಾಮ್ಲವು ಹೊಲವನ್ನು ಸೇರುತ್ತದೆ. ಜಗತ್ತಿನಲ್ಲಿ ತಯಾರಾಗುವ ಗಂಧಕಾಮ್ಲದ ಅರ್ಧಕ್ಕಿಂತ ಹೆಚ್ಚು ಪಾಲು ಬಳಕೆಯಾಗುವುದು ಗೊಬ್ಬರಕ್ಕೇ.

ಮೂರು ಕ್ರಿಯೆಗಳು, ಒಂದು ತೊಡಕು

ಸಂಪರ್ಕ ವಿಧಾನದ ರಸಾಯನಶಾಸ್ತ್ರವನ್ನು ಮೂರು ಸಾಲುಗಳಲ್ಲಿ ಬರೆಯಬಹುದು.

S + O₂ → SO₂
2SO₂ + O₂ ⇌ 2SO₃
SO₃ + H₂O → H₂SO₄

ಮೊದಲನೆಯದರಲ್ಲಿ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಎರಡನೆಯದರಲ್ಲಿ ಅದು ಇನ್ನಷ್ಟು ಆಮ್ಲಜನಕವನ್ನು ಕೂಡಿಕೊಂಡು ಸಲ್ಫರ್ ಟ್ರೈಆಕ್ಸೈಡ್ ಆಗುತ್ತದೆ. ಮೂರನೆಯದರಲ್ಲಿ ಟ್ರೈಆಕ್ಸೈಡು ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಮೂರು ಕ್ರಿಯೆಗಳೂ ಶಾಖವನ್ನು ಹೊರಹಾಕುವಂಥವು. ಮೊದಲನೆಯದೂ ಮೂರನೆಯದೂ ಒಮ್ಮೆ ಆರಂಭವಾದರೆ ತಡೆಯಿಲ್ಲದೆ ಪೂರ್ಣಗೊಳ್ಳುತ್ತವೆ. ತೊಡಕಿರುವುದು ನಡುವಿನ ಕ್ರಿಯೆಯಲ್ಲಿ. ಅದರ ಸಮೀಕರಣದಲ್ಲಿ ಮಾತ್ರ ಬಾಣವು ಎರಡು ಕಡೆಗೂ ತಿರುಗಿರುವುದನ್ನು ಗಮನಿಸಬೇಕು.

ಈ ತೊಡಕಿನ ಸ್ವರೂಪ ಹೀಗಿದೆ. ಡೈಆಕ್ಸೈಡ್ ಮತ್ತು ಆಮ್ಲಜನಕವನ್ನು ಬೆರೆಸಿ ಸಾಧಾರಣ ಉಷ್ಣತೆಯಲ್ಲಿ ಇರಿಸಿದರೆ ಅವು ವರ್ಷಗಟ್ಟಲೆ ಹಾಗೆಯೇ ಇರಬಲ್ಲವು. ಕ್ರಿಯೆಗೆ ವೇಗ ಬರಬೇಕಾದರೆ ಶಾಖ ಬೇಕು. ಆದರೆ ಕ್ರಿಯೆಯೇ ಶಾಖವನ್ನು ಹೊರಹಾಕುವಂಥದಾದುದರಿಂದ, ಉಷ್ಣತೆ ಏರಿದಂತೆ ಸಮತೋಲವು ಹಿಂದಕ್ಕೆ ಸರಿಯುತ್ತದೆ. ಆಗಿಬಂದ ಟ್ರೈಆಕ್ಸೈಡೇ ಒಡೆದು ಮತ್ತೆ ಡೈಆಕ್ಸೈಡ್ ಆಗತೊಡಗುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಇರುವ ಅನಿಲ ಮಿಶ್ರಣವನ್ನು ತೆಗೆದುಕೊಂಡರೆ, 450 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಸಮತೋಲವು ನೂರಕ್ಕೆ 97ರಷ್ಟು ಪರಿವರ್ತನೆಗೆ ಅವಕಾಶ ಕೊಡುತ್ತದೆ; 600 ಡಿಗ್ರಿಯಲ್ಲಿ ಆ ಮಿತಿ ಮುಕ್ಕಾಲು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಬಿಸಿಯಿದ್ದರೆ ವೇಗ, ತಂಪಿದ್ದರೆ ಫಲ. ಎರಡೂ ಒಂದೇ ಕಡೆ ದೊರೆಯುವುದಿಲ್ಲ. ಸಂಪರ್ಕ ವಿಧಾನದ ಯಂತ್ರವ್ಯವಸ್ಥೆಯೆಲ್ಲ ಈ ವಿರೋಧವನ್ನು ನಿಭಾಯಿಸಲು ಹುಟ್ಟಿಕೊಂಡದ್ದು.

ವೇಗವರ್ಧಕದ ಪಾತ್ರವೇನು, ಮಿತಿಯೇನು ಎಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ. ಅದು ಸಮತೋಲದ ಮಿತಿಯನ್ನು ಒಂದು ಕೂದಲೆಳೆಯಷ್ಟೂ ಮುಂದಕ್ಕೆ ಒಯ್ಯಲಾರದು. ಮುಂದಿನ ಕ್ರಿಯೆಯನ್ನು ಎಷ್ಟು ಚುರುಕುಗೊಳಿಸುತ್ತದೆಯೋ ಹಿಂದಿನ ಕ್ರಿಯೆಯನ್ನೂ ಅಷ್ಟೇ ಚುರುಕುಗೊಳಿಸುತ್ತದೆ. ಅದರ ಉಪಕಾರ ಬೇರೊಂದು ಬಗೆಯದು. ಸಮತೋಲವು ಅನುಕೂಲವಾಗಿರುವ ಕಡಿಮೆ ಉಷ್ಣತೆಯಲ್ಲಿಯೂ ಕ್ರಿಯೆಯು ಕ್ಷಣಾರ್ಧದಲ್ಲಿ ಮಿತಿಯನ್ನು ಮುಟ್ಟುವಂತೆ ಅದು ಮಾಡುತ್ತದೆ.

ಪ್ಲಾಟಿನಂನಿಂದ ವೆನೇಡಿಯಂಗೆ

ಸಂಪರ್ಕ ವಿಧಾನದ ಮೊದಲ ಪೇಟೆಂಟು 1831ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿನೆಗರ್ ವ್ಯಾಪಾರಿ ಪೆರಿಗ್ರಿನ್ ಫಿಲಿಪ್ಸ್ ಎಂಬವನದು. ಬಿಸಿ ಪ್ಲಾಟಿನಂ ಮೇಲೆ ಡೈಆಕ್ಸೈಡ್ ಮತ್ತು ಗಾಳಿಯನ್ನು ಹಾಯಿಸುವುದು ಆತನ ಕ್ರಮ. ಆದರೆ ಅದು ಉದ್ಯಮವಾಗಿ ಬೆಳೆಯಲು ಆರೇಳು ದಶಕಗಳು ಬೇಕಾದವು. ಅದುವರೆಗೆ ಆಮ್ಲವನ್ನು ಸೀಸದ ತಗಡು ಹೊದಿಸಿದ ದೊಡ್ಡ ಕೋಣೆಗಳಲ್ಲಿ, ಸಾರಜನಕದ ಆಕ್ಸೈಡುಗಳ ನೆರವಿನಿಂದ ತಯಾರಿಸಲಾಗುತ್ತಿತ್ತು. ಆ ಆಮ್ಲ ತೆಳುವಾದದ್ದು. ಗೊಬ್ಬರಕ್ಕೆ ಅದು ಸಾಕಿತ್ತು. ಕೃತಕ ಬಣ್ಣಗಳ ಉದ್ಯಮಕ್ಕೆ ಸಾಲದಾಯಿತು. ಕೃತಕ ನೀಲಿಯನ್ನು ತಯಾರಿಸಲು ಟ್ರೈಆಕ್ಸೈಡನ್ನು ಕರಗಿಸಿಕೊಂಡ ಅತಿ ಪ್ರಬಲ ಆಮ್ಲ ಬೇಕಾಗಿತ್ತು. ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಅದೇ ಸಂಸ್ಥೆಯ ರುಡಾಲ್ಫ್ ಕ್ನೀಟ್ಶ್ ಸಂಪರ್ಕ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದನು. ಬಿಹಾರದ ನೀಲಿ ಬೆಳೆ ನೆಲಕಚ್ಚಿದ ಇತಿಹಾಸದ ಹಿಂದೆ ಈ ಆಮ್ಲದ ಪಾಲೂ ಇದೆ.

ಪ್ಲಾಟಿನಂನ ದೋಷ ಅದರ ಬೆಲೆಯೊಂದೇ ಅಲ್ಲ. ಅಂದಿನ ಕಾರ್ಖಾನೆಗಳು ಬಹುಮಟ್ಟಿಗೆ ಕಬ್ಬಿಣದ ಪೈರೈಟ್ ಅದಿರನ್ನು ಹುರಿದು ಡೈಆಕ್ಸೈಡ್ ಪಡೆಯುತ್ತಿದ್ದವು. ಆ ಅನಿಲದೊಡನೆ ಬರುವ ಆರ್ಸೆನಿಕ್‌ನ ಅತ್ಯಲ್ಪ ಅಂಶವೂ ಪ್ಲಾಟಿನಂ ಮೇಲ್ಮೈಯನ್ನು ಆವರಿಸಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಇದನ್ನು ಗುರುತಿಸಿ, ಅನಿಲವನ್ನು ಕಟ್ಟುನಿಟ್ಟಾಗಿ ಶುದ್ಧಗೊಳಿಸುವ ಕ್ರಮವನ್ನು ರೂಪಿಸಿದ್ದು ಕ್ನೀಟ್ಶ್‌ನ ದೊಡ್ಡ ಕೊಡುಗೆ. 1910ರ ದಶಕದಲ್ಲಿ ಅದೇ ಸಂಸ್ಥೆ ವೆನೇಡಿಯಂ ಆಧಾರಿತ ವೇಗವರ್ಧಕವನ್ನು ಬಳಕೆಗೆ ತಂದಿತು. ಅದು ಪ್ಲಾಟಿನಂನಷ್ಟು ಚುರುಕಲ್ಲ. ಕೆಲಸ ಮಾಡಲು ಹೆಚ್ಚು ಬಿಸಿ ಕೇಳುತ್ತದೆ. ಆದರೆ ಅಗ್ಗ, ಮತ್ತು ಆರ್ಸೆನಿಕ್‌ನ ವಿಷವನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ಮುಂದಿನ ಕೆಲವೇ ದಶಕಗಳಲ್ಲಿ ಅದು ಪ್ಲಾಟಿನಂನ್ನು ಹಿಂದಿಕ್ಕಿತು.

ವೆನೇಡಿಯಂ ಎಂಬ ಹೆಸರು ಸ್ಕ್ಯಾಂಡಿನೇವಿಯದ ಸೌಂದರ್ಯದೇವತೆಯಿಂದ ಬಂದದ್ದು. 1830ರಲ್ಲಿ ಸ್ವೀಡನ್ನಿನ ಸೆಫ್‌ಸ್ಟ್ರೋಮ್ ಈ ಹೆಸರನ್ನಿಡಲು ಅದರ ಸಂಯುಕ್ತಗಳ ಬಣ್ಣದ ಚೆಲುವು ಕಾರಣ. ಅದರ ಪೂರ್ಣ ಉತ್ಕರ್ಷಿತ ರೂಪ ಹಳದಿ–ಕಿತ್ತಳೆ. ಒಂದು ಮೆಟ್ಟಲು ಕೆಳಗಿಳಿದರೆ ಹಸಿರು, ನೀಲಿ. ಈ ಬಣ್ಣಗಳು ಕಾರ್ಖಾನೆಯಲ್ಲಿ ಸೌಂದರ್ಯಕ್ಕಿಂತ ಹೆಚ್ಚಿನ ಅರ್ಥವುಳ್ಳವು ಎಂಬುದು ಮುಂದೆ ತಿಳಿಯುತ್ತದೆ.

ಗಾಳಿ ಮತ್ತು ಗಂಧಕ

ದಿನಕ್ಕೆ 100 ಟನ್ ಆಮ್ಲ ತಯಾರಿಸುವ ಒಂದು ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಈ 100 ಟನ್ನಿನಲ್ಲಿ ಗಂಧಕದ ಪಾಲು ಸುಮಾರು 33 ಟನ್, ಗಾಳಿಯಿಂದ ಬರುವ ಆಮ್ಲಜನಕ 49 ಟನ್, ನೀರು 18 ಟನ್. ಕೊಂಡು ತರಬೇಕಾದ ಮುಖ್ಯ ಪದಾರ್ಥ ಗಂಧಕ ಮಾತ್ರ. ಇಂದು ಅದು ಬಹುತೇಕ ತೈಲ ಮತ್ತು ಅನಿಲದ ಶುದ್ಧೀಕರಣದಿಂದ ದೊರೆಯುತ್ತದೆ. ಟ್ರಾಂಬೆಯ ನೆರೆಯ ಮಾಹುಲ್‌ನಲ್ಲಿರುವ ಎರಡು ತೈಲ ಶುದ್ಧೀಕರಣಾಗಾರಗಳಲ್ಲಿಯೂ ಇಂಧನದಿಂದ ಗಂಧಕವನ್ನು ಬೇರ್ಪಡಿಸುವ ಘಟಕಗಳಿವೆ.

ಗಂಧಕವನ್ನು ಕರಗಿಸಿ ದ್ರವರೂಪದಲ್ಲಿ ಉರಿಸುತ್ತಾರೆ. ಅದು ಸುಮಾರು 115–120 ಡಿಗ್ರಿಯಲ್ಲಿ ಕರಗಿ ನೀರಿನಂತೆ ತೆಳ್ಳಗೆ ಹರಿಯುತ್ತದೆ. ಆದರೆ 160 ಡಿಗ್ರಿ ದಾಟಿದೊಡನೆ ಅದರ ಅಣುಗಳು ಉದ್ದನೆಯ ಸರಪಳಿಗಳಾಗಿ ಹೆಣೆದುಕೊಂಡು ಇಡೀ ದ್ರವ ಪಾಕ ಏರಿದ ಬೆಲ್ಲದಂತೆ ಗಟ್ಟಿಯಾಗುತ್ತದೆ. ಪಂಪು ಅದನ್ನು ನೂಕಲಾರದು. ಹೆಚ್ಚು ಬಿಸಿಮಾಡಿದರೆ ಹೆಚ್ಚು ತೆಳ್ಳಗಾಗುತ್ತದೆ ಎಂಬ ಸಾಮಾನ್ಯ ಅನುಭವ ಇಲ್ಲಿ ತಲೆಕೆಳಗಾಗುತ್ತದೆ. ಆದುದರಿಂದ ಕೊಳವೆಗಳ ಸುತ್ತ ಹಬೆಯನ್ನು ಹಾಯಿಸಿ ಅದನ್ನು 140 ಡಿಗ್ರಿಯ ಆಸುಪಾಸಿನಲ್ಲಿಯೇ ಕಾಯ್ದುಕೊಳ್ಳಲಾಗುತ್ತದೆ. ಗಂಧಕದಲ್ಲಿರುವ ಬೂದಿಯನ್ನು ಈ ಹಂತದಲ್ಲಿಯೇ ಸೋಸಿ ತೆಗೆಯಬೇಕು.

ಇನ್ನು ಗಾಳಿಯ ಮಾತು. ಅದನ್ನು ಕುಲುಮೆಗೆ ಬಿಡುವ ಮುನ್ನ ಒಂದು ಗೋಪುರದಲ್ಲಿ ಮೇಲಿನಿಂದ ಸುರಿಯುವ ಪ್ರಬಲ ಗಂಧಕಾಮ್ಲದ ಮೂಲಕ ಹಾಯಿಸಿ ಒಣಗಿಸುತ್ತಾರೆ. ತೇವ ಉಳಿದರೆ ಅದು ಮುಂದೆ ಟ್ರೈಆಕ್ಸೈಡಿನೊಡನೆ ಸೇರಿ, ಅನಿಲ ತಣಿಯುವ ಜಾಗಗಳಲ್ಲೆಲ್ಲ ಆಮ್ಲದ ಹನಿಗಳಾಗಿ ಕೂತು ಉಕ್ಕನ್ನು ತಿನ್ನುತ್ತದೆ. ನಮ್ಮ ಘಟಕಕ್ಕೆ ದಿನಕ್ಕೆ ಸುಮಾರು ಎರಡೂವರೆ ಲಕ್ಷ ಘನ ಮೀಟರ್ ಗಾಳಿ ಬೇಕು. ಮಳೆಗಾಲದಲ್ಲಿ ಮುಂಬಯಿಯ ಗಾಳಿಯ ಪ್ರತಿ ಘನ ಮೀಟರಿನಲ್ಲಿ 25 ಗ್ರಾಂನಷ್ಟು ನೀರಾವಿ ಇರುವುದು ಸಾಮಾನ್ಯ. ಗುಣಿಸಿ ನೋಡಿದರೆ ದಿನಕ್ಕೆ ಆರು ಟನ್ನಿಗೂ ಮೀರಿದ ನೀರು ಗಾಳಿಯ ಮೂಲಕವೇ ಒಳಬರುತ್ತದೆ. ಆಮ್ಲಕ್ಕೆ ಬೇಕಾದ 18 ಟನ್ ನೀರಿನಲ್ಲಿ ಮೂರನೆಯ ಒಂದು ಭಾಗ ಇದು. ಅದು ವ್ಯರ್ಥವಲ್ಲ, ಒಣಗಿಸುವ ಆಮ್ಲದೊಳಗೆ ಸೇರಿ ಕೊನೆಗೆ ಉತ್ಪನ್ನವೇ ಆಗುತ್ತದೆ. ಆದರೆ ಜೂನ್ ತಿಂಗಳು ಬಂದೊಡನೆ ಹೊರಗಿನಿಂದ ಸೇರಿಸುವ ನೀರನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡದಿದ್ದರೆ ಆಮ್ಲ ತೆಳುವಾಗಿ ಮುಂದಿನ ಹಂತಗಳೆಲ್ಲ ಕೆಡುತ್ತವೆ.

ಒಣಗಾಳಿಯಲ್ಲಿ ಗಂಧಕ ಉರಿದಾಗ ಅನಿಲದ ಉಷ್ಣತೆ 1000 ಡಿಗ್ರಿ ದಾಟುತ್ತದೆ. ಅದರಲ್ಲಿ ಸುಮಾರು ನೂರಕ್ಕೆ 10 ಪಾಲು ಡೈಆಕ್ಸೈಡ್, 11 ಪಾಲು ಆಮ್ಲಜನಕ, ಉಳಿದದ್ದು ಗಾಳಿಯ ಸಾರಜನಕ. ಈ ಬೆಂಕಿಯಂಥ ಅನಿಲವನ್ನು ಬಾಯ್ಲರಿನ ಮೂಲಕ ಹಾಯಿಸಿ 420 ಡಿಗ್ರಿಗೆ ಇಳಿಸುತ್ತಾರೆ. ಆಗ ಹುಟ್ಟುವ ಹಬೆ ಕಾರ್ಖಾನೆಯ ಇತರ ಕೆಲಸಗಳಿಗೆ ಒದಗುತ್ತದೆ.

ಪರಿವರ್ತಕದ ನಾಲ್ಕು ಸ್ತರಗಳು

420 ಡಿಗ್ರಿಗೆ ಇಳಿದ ಅನಿಲ ಪರಿವರ್ತಕವೆಂಬ ಎತ್ತರದ ಉಕ್ಕಿನ ಪಾತ್ರೆಯನ್ನು ಪ್ರವೇಶಿಸುತ್ತದೆ. ಅದರೊಳಗೆ ಒಂದರ ಮೇಲೊಂದರಂತೆ ನಾಲ್ಕು ಸ್ತರಗಳಲ್ಲಿ ವೇಗವರ್ಧಕದ ಗುಳಿಗೆಗಳನ್ನು ಅಥವಾ ಉಂಗುರಗಳನ್ನು ಹರಡಿರುತ್ತಾರೆ. ಒಂದೇ ದಪ್ಪ ಸ್ತರ ಸಾಲದೇಕೆ, ನಾಲ್ಕಾಗಿ ವಿಭಜಿಸಬೇಕಾದುದೇಕೆ ಎಂಬ ಪ್ರಶ್ನೆಗೆ ಉತ್ತರ ಹಿಂದೆ ಹೇಳಿದ ತೊಡಕಿನಲ್ಲಿಯೇ ಇದೆ.

ಮೊದಲ ಸ್ತರದಲ್ಲಿ ಕ್ರಿಯೆ ರಭಸದಿಂದ ನಡೆಯುತ್ತದೆ. ಅದರಿಂದ ಹೊರಬಿದ್ದ ಶಾಖ ಅನಿಲವನ್ನೇ ಬಿಸಿಮಾಡುತ್ತದೆ. ಅನಿಲ ಸ್ತರದ ತಳ ಮುಟ್ಟುವಷ್ಟರಲ್ಲಿ ಉಷ್ಣತೆ 600 ಡಿಗ್ರಿಯನ್ನು ಮೀರಿರುತ್ತದೆ. ಪರಿವರ್ತನೆ ನೂರಕ್ಕೆ 60–65ಕ್ಕೆ ಬಂದಿರುತ್ತದೆ. ಆ ಬಿಸಿಯಲ್ಲಿ ಸಮತೋಲದ ಮಿತಿಯೂ ಅಲ್ಲಿಂದ ಹೆಚ್ಚು ದೂರವಿಲ್ಲ. ಇನ್ನೂ ಹತ್ತು ಅಡಿ ವೇಗವರ್ಧಕವನ್ನು ತುಂಬಿದರೂ ಪ್ರಯೋಜನವಿಲ್ಲ. ಆದುದರಿಂದ ಅನಿಲವನ್ನು ಪಾತ್ರೆಯಿಂದ ಹೊರತಂದು, ಶಾಖ ವಿನಿಮಯಕದಲ್ಲಿ 440 ಡಿಗ್ರಿಗೆ ತಣಿಸಿ, ಎರಡನೆಯ ಸ್ತರಕ್ಕೆ ಬಿಡುತ್ತಾರೆ. ಅಲ್ಲಿ ಅದು ಮತ್ತೆ 500 ಡಿಗ್ರಿಯ ಮೇಲಕ್ಕೆ ಏರಿ, ಪರಿವರ್ತನೆ 85ನ್ನು ದಾಟುತ್ತದೆ. ಮತ್ತೊಮ್ಮೆ ತಣಿಸಿ ಮೂರನೆಯ ಸ್ತರಕ್ಕೆ ಬಿಟ್ಟಾಗ ಉಷ್ಣತೆ ಇಪ್ಪತ್ತು ಡಿಗ್ರಿಯಷ್ಟೇ ಏರುತ್ತದೆ; ಪರಿವರ್ತನೆ 95ನ್ನು ಸಮೀಪಿಸುತ್ತದೆ. ಪ್ರತಿ ಸ್ತರದಲ್ಲಿ ಏರುವ ಡಿಗ್ರಿಗಳ ಲೆಕ್ಕವೇ ಅಲ್ಲಿ ನಡೆದ ಕೆಲಸದ ಲೆಕ್ಕವೂ ಹೌದು.

ಹಳೆಯ ಕಾರ್ಖಾನೆಗಳಲ್ಲಿ ನಾಲ್ಕನೆಯ ಸ್ತರವೂ ಇದೇ ಕ್ರಮದಲ್ಲಿ ಸಾಗಿ 98ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 1960ರ ದಶಕದಲ್ಲಿ ಜರ್ಮನಿಯ ಬಾಯರ್ ಸಂಸ್ಥೆ ರೂಪಿಸಿದ ಇಮ್ಮಡಿ ಹೀರಿಕೆಯ ಕ್ರಮ ಈ ಮಿತಿಯನ್ನು ದಾಟಿತು. ಮೂರನೆಯ ಸ್ತರದಿಂದ ಬಂದ ಅನಿಲವನ್ನು ಒಂದು ಗೋಪುರಕ್ಕೆ ಒಯ್ದು, ಅದರಲ್ಲಿರುವ ಟ್ರೈಆಕ್ಸೈಡನ್ನೆಲ್ಲ ಆಮ್ಲದಲ್ಲಿ ಹೀರಿಸಿಬಿಡುತ್ತಾರೆ. ಉಳಿದ ಅನಿಲವನ್ನು ಮತ್ತೆ 420 ಡಿಗ್ರಿಗೆ ಬಿಸಿಮಾಡಿ ನಾಲ್ಕನೆಯ ಸ್ತರಕ್ಕೆ ತರುತ್ತಾರೆ. ಉತ್ಪನ್ನವನ್ನು ಕಣದಿಂದ ಎತ್ತಿಬಿಟ್ಟುದರಿಂದ ಹಿಂದಿನ ಕ್ರಿಯೆಗೆ ಬಂಡವಾಳವೇ ಇರುವುದಿಲ್ಲ. ಉಳಿದಿದ್ದ ಐದು ಪಾಲು ಡೈಆಕ್ಸೈಡಿನ ಬಹುಭಾಗ ಆಗ ಟ್ರೈಆಕ್ಸೈಡಾಗುತ್ತದೆ. ಒಟ್ಟು ಪರಿವರ್ತನೆ 99.7ನ್ನು ಮುಟ್ಟುತ್ತದೆ.

98 ಮತ್ತು 99.7ರ ನಡುವಿನ ಅಂತರ ಅಲ್ಪವೆಂದು ತೋರಬಹುದು. ನಮ್ಮ ಘಟಕದ ಲೆಕ್ಕದಲ್ಲಿ ಅದನ್ನು ನೋಡಬೇಕು. ನೂರಕ್ಕೆ 2 ಪಾಲು ಪರಿವರ್ತನೆಯಾಗದೆ ಉಳಿದರೆ ದಿನಕ್ಕೆ ಸುಮಾರು 1300 ಕಿಲೋ ಡೈಆಕ್ಸೈಡ್ ಚಿಮಣಿಯಿಂದ ಹೊರಬೀಳುತ್ತದೆ, 0.3 ಪಾಲು ಉಳಿದರೆ 200 ಕಿಲೋ. ಮಾರುವ ಆಮ್ಲದಲ್ಲಿ ಆಗುವ ಲಾಭ ಒಂದೂಮುಕ್ಕಾಲು ಟನ್ನು ಮಾತ್ರ. ಆದರೆ ನೆರೆಹೊರೆಯವರು ಉಸಿರಾಡುವ ವಿಷಾನಿಲ ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೈಲ, ವಿದ್ಯುತ್ತು, ಗೊಬ್ಬರಗಳ ಹಲವು ಕಾರ್ಖಾನೆಗಳು ಕೂಡಿದ್ದ ಟ್ರಾಂಬೆಯ ಪಕ್ಕದ ಚೆಂಬೂರಿಗೆ ಜನರು ‘ಗ್ಯಾಸ್ ಚೇಂಬರ್’ ಎಂಬ ಅಡ್ಡಹೆಸರಿಟ್ಟಿದ್ದರು ಎಂಬುದನ್ನು ನೆನೆದರೆ ಈ ದಶಮಾಂಶಗಳ ಬೆಲೆ ತಿಳಿಯುತ್ತದೆ.

ಗುಳಿಗೆಯ ಒಳಗೆ

ವೇಗವರ್ಧಕದ ಗುಳಿಗೆಯಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಇರುವುದು ನೂರಕ್ಕೆ ಆರರಿಂದ ಎಂಟು ಪಾಲು ಮಾತ್ರ. ಹೆಚ್ಚಿನ ಭಾಗ ಡಯಾಟಮ್ ಎಂಬ ಸೂಕ್ಷ್ಮ ಜಲಜೀವಿಗಳ ಚಿಪ್ಪುಗಳಿಂದಾದ, ರಂಧ್ರಮಯವಾದ ಸಿಲಿಕ ಮಣ್ಣು. ಇವೆರಡರೊಡನೆ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳೂ ಇರುತ್ತವೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ ಲವಣಗಳನ್ನು ಹೆಸರಿಸುವುದಿಲ್ಲ. ಆದರೆ ಅವಿಲ್ಲದೆ ವೆನೇಡಿಯಂ ಹೆಚ್ಚು ಕೆಲಸಕ್ಕೆ ಬಾರದು.

ಪಠ್ಯಪುಸ್ತಕದ ವಿವರಣೆ ಎರಡು ಹೆಜ್ಜೆಗಳದು. ವೆನೇಡಿಯಂ ಪೆಂಟಾಕ್ಸೈಡ್ ತನ್ನ ಆಮ್ಲಜನಕದ ಒಂದು ಪಾಲನ್ನು ಡೈಆಕ್ಸೈಡಿಗೆ ಕೊಟ್ಟು ಅದನ್ನು ಟ್ರೈಆಕ್ಸೈಡ್ ಮಾಡುತ್ತದೆ, ತಾನು ಒಂದು ಮೆಟ್ಟಲು ಕೆಳಗಿಳಿಯುತ್ತದೆ. ಅನಂತರ ಗಾಳಿಯ ಆಮ್ಲಜನಕವನ್ನು ಪಡೆದು ಮೊದಲಿನ ಸ್ಥಿತಿಗೆ ಮರಳುತ್ತದೆ. ಕೊಟ್ಟು ಮತ್ತೆ ಪಡೆಯುವ ಈ ತತ್ತ್ವ ಸರಿಯಾದುದೇ. ಆದರೆ ಅದು ನಡೆಯುವ ನೆಲೆ ಗಟ್ಟಿಯಾದ ಮೇಲ್ಮೈಯಲ್ಲ. ಕೆಲಸದ ಬಿಸಿಯಲ್ಲಿ ಪೊಟ್ಯಾಸಿಯಂ ಲವಣಗಳು ಟ್ರೈಆಕ್ಸೈಡನ್ನು ಹೀರಿಕೊಂಡು ಪೈರೋಸಲ್ಫೇಟುಗಳಾಗಿ ಕರಗುತ್ತವೆ. ವೆನೇಡಿಯಂ ಆ ದ್ರವದಲ್ಲಿ ಲೀನವಾಗುತ್ತದೆ. ಹೊರಗಿನಿಂದ ಒಣಗಿದ ಕಲ್ಲಿನಂತೆ ಕಾಣುವ ಗುಳಿಗೆಯ ಒಳರಂಧ್ರಗಳ ಗೋಡೆಗಳಿಗೆ ತೆಳ್ಳನೆಯ ದ್ರವದ ಪೊರೆಯೊಂದು ಲೇಪಗೊಂಡಿರುತ್ತದೆ. ಡೈಆಕ್ಸೈಡೂ ಆಮ್ಲಜನಕವೂ ಆ ಪೊರೆಯೊಳಗೆ ಕರಗಿ, ವೆನೇಡಿಯಂನ ಮಧ್ಯಸ್ಥಿಕೆಯಲ್ಲಿ ಕೂಡುತ್ತವೆ.

ಈ ದ್ರವದ ಪೊರೆಯೇ ವೇಗವರ್ಧಕದ ಎರಡು ಎಲ್ಲೆಗಳನ್ನು ವಿವರಿಸುತ್ತದೆ. ಉಷ್ಣತೆ ಸುಮಾರು 400 ಡಿಗ್ರಿಯ ಕೆಳಗೆ ಬಂದರೆ ವೆನೇಡಿಯಂ ಕೆಳಗಿನ ಮೆಟ್ಟಲಿನಲ್ಲಿಯೇ ಉಳಿದು, ಅದರ ಸಂಯುಕ್ತಗಳು ದ್ರವದಿಂದ ಹರಳುಗಟ್ಟಿ ಬೇರ್ಪಡುತ್ತವೆ. ಕೆಲಸ ಮೆಲ್ಲಗಾಗುವುದಿಲ್ಲ, ಹಠಾತ್ತನೆ ಕುಸಿಯುತ್ತದೆ. ಕಿತ್ತಳೆಯ ಛಾಯೆಯ ಗುಳಿಗೆ ಹಸಿರಿಗೆ ತಿರುಗಿರುವುದು ಇದರ ಗುರುತು. ಪೊಟ್ಯಾಸಿಯಂ ಜೊತೆಗೆ ಸೀಸಿಯಂ ಲವಣವನ್ನು ಸೇರಿಸಿದರೆ ಈ ಕೆಳಗಿನ ಎಲ್ಲೆ 380 ಡಿಗ್ರಿಯವರೆಗೆ ಇಳಿಯುತ್ತದೆ. ಬೆಲೆ ಹೆಚ್ಚಾದರೂ ಕೆಲವು ಸ್ತರಗಳಿಗೆ ಅದನ್ನು ಬಳಸುವುದುಂಟು. ಮೇಲಿನ ಎಲ್ಲೆ 630 ಡಿಗ್ರಿಯ ಸುಮಾರಿಗಿದೆ. ಅದನ್ನು ಬಹುಕಾಲ ಮೀರಿದರೆ ದ್ರವವು ಸಿಲಿಕವನ್ನೇ ತಿಂದು ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತದೆ. ಕೆಳಗಿನ ಎಲ್ಲೆಯ ದೋಷವನ್ನು ಮತ್ತೆ ಬಿಸಿಮಾಡಿ ಬಹುಮಟ್ಟಿಗೆ ಸರಿಪಡಿಸಬಹುದು, ಮೇಲಿನದಕ್ಕೆ ಪರಿಹಾರವಿಲ್ಲ.

ಹೀರಿಕೆ ಮತ್ತು ಬಿಳಿಹೊಗೆ

ಕೊನೆಯ ಹಂತ ಟ್ರೈಆಕ್ಸೈಡನ್ನು ನೀರಿನೊಡನೆ ಸೇರಿಸುವುದು. ಆದರೆ ಅದನ್ನು ನೇರವಾಗಿ ನೀರಿಗೆ ಹಾಯಿಸುವಂತಿಲ್ಲ. ನೀರಿನ ಮೇಲೆ ಸದಾ ಇರುವ ನೀರಾವಿಯೊಡನೆ ಅದು ಅನಿಲರೂಪದಲ್ಲಿಯೇ ಕೂಡಿ, ಆಮ್ಲದ ಅತಿ ಸೂಕ್ಷ್ಮ ಹನಿಗಳ ಮಂಜಾಗುತ್ತದೆ. ಒಮ್ಮೆ ಹುಟ್ಟಿದ ಮಂಜನ್ನು ದ್ರವದಲ್ಲಿ ಹಿಡಿಯುವುದು ಬಹಳ ಕಷ್ಟ. ಆದುದರಿಂದ ಟ್ರೈಆಕ್ಸೈಡನ್ನು ನೂರಕ್ಕೆ 98ರಿಂದ 98.5ರ ಪ್ರಾಬಲ್ಯದ ಗಂಧಕಾಮ್ಲದಲ್ಲಿಯೇ ಹೀರಿಸಿ, ಅದರಿಂದ ಇನ್ನೂ ಪ್ರಬಲವಾದ ಆಮ್ಲವನ್ನು ನೀರು ಸೇರಿಸಿ ಮೊದಲಿನ ಮಟ್ಟಕ್ಕೆ ತರುತ್ತಾರೆ. ಈ ಸಂಖ್ಯೆಗೆ ಕಾರಣವಿದೆ. 98.3ರ ಆಸುಪಾಸಿನಲ್ಲಿ ಆಮ್ಲದ ಮೇಲಿನ ಆವಿಯ ಒತ್ತಡ ಅತ್ಯಂತ ಕಡಿಮೆ. ಅದಕ್ಕಿಂತ ತೆಳುವಾದರೆ ನೀರಾವಿ ಏಳುತ್ತದೆ. ಗಟ್ಟಿಯಾದರೆ ಟ್ರೈಆಕ್ಸೈಡೇ ತಪ್ಪಿಸಿಕೊಳ್ಳುತ್ತದೆ.

ಎರಡೂ ತಪ್ಪುಗಳ ಫಲ ಚಿಮಣಿಯ ಮೇಲಿನ ಬಿಳಿಹೊಗೆ. ಅದನ್ನು ಗಮನವಿಟ್ಟು ನೋಡಿದರೆ ಕಾರಣವನ್ನು ಬಹುಮಟ್ಟಿಗೆ ಊಹಿಸಬಹುದು. ಹೊಗೆ ಚಿಮಣಿಯ ಬಾಯಿಂದಲೇ ಬೆಳ್ಳಗಿದ್ದರೆ ಮಂಜು ಒಳಗೇ ಹುಟ್ಟಿದೆ ಎಂದರ್ಥ: ಆಮ್ಲ ತೆಳುವಾಗಿರಬಹುದು, ಇಲ್ಲವೆ ಗಾಳಿ ಸರಿಯಾಗಿ ಒಣಗಿರಲಿಕ್ಕಿಲ್ಲ. ಬಾಯಿಯ ಬಳಿ ಬರಿದಾಗಿದ್ದು ಸ್ವಲ್ಪ ಮೇಲಕ್ಕೆ ಹೋದ ಮೇಲೆ ಬೆಳ್ಳಗಾದರೆ, ಹೀರಿಕೆಯಾಗದ ಟ್ರೈಆಕ್ಸೈಡ್ ಹೊರಬಂದು ಅಲ್ಲಿನ ತೇವವನ್ನು ಕೂಡುತ್ತಿದೆ. ಡೈಆಕ್ಸೈಡಿಗೆ ಬಣ್ಣವಿಲ್ಲ ಎಂಬುದನ್ನೂ ನೆನಪಿಡಬೇಕು. ಪರಿವರ್ತಕ ಕೆಟ್ಟು ಟನ್ನುಗಟ್ಟಲೆ ಡೈಆಕ್ಸೈಡ್ ಹೊರಬರುತ್ತಿದ್ದರೂ ಚಿಮಣಿ ನಿರ್ಮಲವಾಗಿ ಕಾಣಬಹುದು. ಅದನ್ನು ತಿಳಿಸುವುದು ಗಂಟಲಿನ ಉರಿ ಮತ್ತು ಅಳತೆಯ ಉಪಕರಣ.

ಸ್ತರ ದಣಿದುದರ ಲಕ್ಷಣ

ವೇಗವರ್ಧಕ ಹತ್ತಾರು ವರ್ಷ ಬಾಳಬಲ್ಲದು; ಆದರೆ ಹಾಳಾಗುವುದೇ ಇಲ್ಲ ಎಂದಲ್ಲ. ಗಂಧಕದಲ್ಲಿ ಉಳಿದ ಬೂದಿ ಮೊದಲ ಸ್ತರದ ಮೇಲೆ ಕೂತು ಗುಳಿಗೆಗಳ ನಡುವಣ ಸಂದುಗಳನ್ನು ಮುಚ್ಚುತ್ತದೆ. ಆಗ ಸ್ತರದ ಮೇಲಿನ ಮತ್ತು ಕೆಳಗಿನ ಒತ್ತಡಗಳ ಅಂತರ ತಿಂಗಳಿಂದ ತಿಂಗಳಿಗೆ ಏರುತ್ತದೆ. ಘಟಕವನ್ನು ನಿಲ್ಲಿಸಿ, ಗುಳಿಗೆಗಳನ್ನು ಹೊರತೆಗೆದು, ಜರಡಿಯಾಡಿ, ಒಡೆದವನ್ನು ತೆಗೆದು ಮತ್ತೆ ತುಂಬುವುದು ಅದಕ್ಕೆ ಪರಿಹಾರ. ನಿಲ್ಲಿಸಿದ ಕಾಲದಲ್ಲಿ ಮಳೆಗಾಲದ ತೇವ ಒಳಹೊಕ್ಕರೆ ಲವಣಗಳು ಕರಗಿ ಗುಳಿಗೆ ಮೆತ್ತಗಾಗಿ ಪುಡಿಯಾಗುತ್ತದೆ.

ಸತ್ತ್ವ ಕುಂದಿದುದನ್ನು ತಿಳಿಯಲು ಉಷ್ಣಮಾಪಕಗಳನ್ನು ಓದಬೇಕು. ಮೊದಲ ಸ್ತರದಲ್ಲಿ ಉಷ್ಣತೆ 420ರಿಂದ 605ಕ್ಕೆ ಏರುತ್ತಿದ್ದದ್ದು ಈಗ 570ಕ್ಕೇ ನಿಲ್ಲುತ್ತಿದೆ, ಎರಡನೆಯ ಸ್ತರದಲ್ಲಿ 65 ಡಿಗ್ರಿಯ ಬದಲು 90ರಷ್ಟು ಏರುತ್ತಿದೆ ಎಂದಿಟ್ಟುಕೊಳ್ಳೋಣ. ಅನಿಲದ ಪ್ರಮಾಣವೂ ಡೈಆಕ್ಸೈಡಿನ ಪಾಲೂ ಬದಲಾಗಿಲ್ಲ. ಇದರ ಅರ್ಥ, ಮೊದಲ ಸ್ತರ ಮಾಡಬೇಕಾದ ಕೆಲಸದ ಒಂದು ಭಾಗವನ್ನು ಎರಡನೆಯದು ಮಾಡುತ್ತಿದೆ. ಕೊನೆಯ ಪರಿವರ್ತನೆ ಇನ್ನೂ ಅಷ್ಟಾಗಿ ಕುಂದಿರುವುದಿಲ್ಲ. ಚಿಮಣಿಯ ಅಳತೆ ಎಚ್ಚರಿಸುವುದಿಲ್ಲ. ಹೊರೆ ಹೀಗೆಯೇ ಕೆಳಗಿನ ಸ್ತರಗಳಿಗೆ ಸರಿಯುತ್ತ ನಾಲ್ಕನೆಯದನ್ನು ಮುಟ್ಟಿದಾಗ ಮಾತ್ರ ಡೈಆಕ್ಸೈಡ್ ಹೊರಬೀಳತೊಡಗುತ್ತದೆ. ಉಷ್ಣತೆಗಳನ್ನು ದಿನವೂ ಬರೆದಿಟ್ಟು ಹೋಲಿಸುವವರಿಗೆ ಅದು ತಿಂಗಳುಗಳ ಮೊದಲೇ ತಿಳಿದಿರುತ್ತದೆ.

ಪದ ಮತ್ತು ಪದಾರ್ಥ

‘ಸಂಪರ್ಕ ವಿಧಾನ’ ಎಂಬ ಹೆಸರು ಪ್ಲಾಟಿನಂನ ಕಾಲದ್ದು. ಲೋಹದ ಮೇಲ್ಮೈಯನ್ನು ಅನಿಲ ಸೋಕುವುದರಿಂದ ಕ್ರಿಯೆ ನಡೆಯುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ವೆನೇಡಿಯಂ ಬಂದ ಮೇಲೆ ಪದಾರ್ಥ ಬದಲಾಯಿತು, ಹೆಸರು ಉಳಿಯಿತು. ಇಲ್ಲಿ ಅನಿಲ ಮೇಲ್ಮೈಯನ್ನು ಸೋಕುವುದಿಲ್ಲ, ದ್ರವದೊಳಗೆ ಬೆರೆಯುತ್ತದೆ. ಕನ್ನಡಕ್ಕೆ ಬಂದ ಸಂಸ್ಕೃತ ಪದ ಈ ಬದಲಾವಣೆಗೂ ಹೊಂದಿಕೊಳ್ಳುತ್ತದೆ ಎಂಬುದು ಭಾಷಾ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ‘ಸಂಪರ್ಕ’ದ ಮೂಲದಲ್ಲಿರುವ ‘ಪೃಚ್’ ಧಾತುವಿಗೆ ಬೆರೆಸು, ಕೂಡಿಸು ಎಂಬ ಅರ್ಥವಿದೆ. ಸೋಕು ಎಂಬುದು ಅದರ ಒಂದು ಛಾಯೆ ಮಾತ್ರ.

‘ವೇಗವರ್ಧಕ’ ಪದವನ್ನು ಬದಲಿಸಬೇಕಾಗಿಲ್ಲ. ಅದರ ನಿರೂಪಣೆಯನ್ನು ತಿದ್ದಿಕೊಂಡರೆ ಸಾಕು. ಕ್ರಿಯೆಯಲ್ಲಿ ಭಾಗವಹಿಸಿ, ತಾನು ಬದಲಾಗಿ, ಮತ್ತೆ ಮೊದಲಿನ ರೂಪಕ್ಕೆ ಮರಳುತ್ತ, ಸಮತೋಲವನ್ನು ಕದಲಿಸದೆ ಅದನ್ನು ಬೇಗ ಮುಟ್ಟಿಸುವ ವಸ್ತು ಎಂದು ಬರೆದರೆ ಅದು ಗುಳಿಗೆಯ ಒಳಗೆ ನಡೆಯುವುದಕ್ಕೆ ಹೊಂದುತ್ತದೆ. ನಾಲ್ಕು ಸ್ತರಗಳೂ ಅವುಗಳ ನಡುವಿನ ತಣಿಸುವಿಕೆಯೂ ಇಮ್ಮಡಿ ಹೀರಿಕೆಯೂ ಏಕೆ ಬೇಕಾದವು ಎಂಬುದಕ್ಕೆ ಉತ್ತರ ಆ ನಿರೂಪಣೆಯ ‘ಸಮತೋಲವನ್ನು ಕದಲಿಸದೆ’ ಎಂಬ ಎರಡು ಪದಗಳಲ್ಲಿ ದೊರೆಯುತ್ತದೆ.